ಇಪ್ಪತ್ತೈದು ಅಡಿಯ ಗೆರೆ: ಬಾವಿ, ಜೆಟ್ ಪಂಪು ಮತ್ತು ಗಾಳಿಯ ಭಾರ

ಕರಾವಳಿಯ ಮುರಕಲ್ಲಿನ ಬಾವಿಗಳಲ್ಲಿ ಆಟಿ ತಿಂಗಳಲ್ಲಿ ನೀರು ಕೈಗೆ ಸಿಗುವಷ್ಟು ಮೇಲಿರುತ್ತದೆ. ಏಪ್ರಿಲ್ ಹೊತ್ತಿಗೆ ಇಣುಕಿ ನೋಡಿದರೆ ತಳದಲ್ಲಿ ಒಂದು ತಟ್ಟೆಯಷ್ಟು ಆಕಾಶ ಕಾಣುತ್ತದೆ. ಬಾವಿಕಟ್ಟೆಯ ಪಕ್ಕದ ಪಂಪು ಮಾತ್ರ ವರ್ಷವಿಡೀ ಕೂತಲ್ಲೇ ಕೂತಿರುತ್ತದೆ. ಜನವರಿಯವರೆಗೆ ಅದರ ಬಗ್ಗೆ ಯಾರಿಗೂ ದೂರಿಲ್ಲ. ಮಾರ್ಚಿನಲ್ಲಿ ಟ್ಯಾಂಕು ತುಂಬಲು ಹೊತ್ತು ಹಿಡಿಯುತ್ತದೆ, ಏಪ್ರಿಲ್‌ನಲ್ಲಿ ಪಂಪು ಗರಗರ ಅನ್ನುತ್ತದೆ, ಮೇ ತಿಂಗಳಲ್ಲಿ ಮೋಟಾರು ತಿರುಗಿದರೂ ನೀರಿಲ್ಲ. ಬಾವಿಯಲ್ಲಿ ಇನ್ನೂ ಆಳೆತ್ತರ ನೀರಿರುತ್ತದೆ. ಕೊಡಪಾನ ಇಳಿಸಿದರೆ ತುಂಬಿಕೊಂಡು ಬರುತ್ತದೆ, ಪಂಪಿಗೆ ಮಾತ್ರ ಸಿಗುವುದಿಲ್ಲ.

ಆಗ ಸಾಮಾನ್ಯವಾಗಿ ಬರುವ ತೀರ್ಮಾನ ಮೋಟಾರಿಗೆ ಶಕ್ತಿ ಸಾಲದು ಎಂಬುದು. ಒಂದು ಎಚ್‌ಪಿ ತೆಗೆದು ಒಂದೂವರೆ ಹಾಕುತ್ತಾರೆ. ಅಂಗಡಿಯವರೂ ಬೇಡ ಅನ್ನುವುದಿಲ್ಲ. ಈ ದುಡ್ಡು ಬಹುಮಟ್ಟಿಗೆ ನೀರಿಲ್ಲದ ಬಾವಿಗೆ ಹಾಕಿದಂತೆಯೇ. ಮೇಲೆ ಕೂತ ಪಂಪು ಎಷ್ಟು ಆಳದಿಂದ ನೀರು ತರಬಲ್ಲದು ಎಂಬುದು ಮೋಟಾರಿನ ಕೈಯಲ್ಲಿ ಇಲ್ಲ. ಆ ಲೆಕ್ಕದ ಹೆಚ್ಚಿನ ಭಾಗವನ್ನು ಬಾವಿಯ ನೀರಿನ ಮೇಲೆ ಕೂತಿರುವ ಗಾಳಿ ಮೊದಲೇ ಬರೆದಿಟ್ಟಿದೆ.

ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ. ನೀರನ್ನು ಎಳೆಯಲು ಬರುವುದಿಲ್ಲ. ಪಂಪು ಮಾಡುವುದು ಇಷ್ಟೇ: ತನ್ನ ಬಾಯಲ್ಲಿ ಒತ್ತಡವನ್ನು ತಗ್ಗಿಸುತ್ತದೆ. ಬಾವಿಯ ನೀರಿನ ಮೇಲೆ ಹೊರಗಿನ ಗಾಳಿಯ ಒತ್ತಡ ಹಾಗೆಯೇ ಇರುವುದರಿಂದ ಅದು ನೀರನ್ನು ಪೈಪಿನೊಳಗೆ ಮೇಲಕ್ಕೆ ತಳ್ಳುತ್ತದೆ. ಎಳನೀರಿಗೆ ಸ್ಟ್ರಾ ಹಾಕಿ ಹೀರುವಾಗ ಆಗುವುದೂ ಇದೇ. ಪಂಪಿನ ಬಾಯಲ್ಲಿ ಪೂರ್ತಿ ನಿರ್ವಾತ ಮಾಡಿದರೂ ಗಾಳಿಯ ತಳ್ಳುವಿಕೆ ಒಂದು ಎತ್ತರಕ್ಕೆ ಮುಗಿದುಹೋಗುತ್ತದೆ. ಸಮುದ್ರಮಟ್ಟದಲ್ಲಿ ಆ ಎತ್ತರ 10.3 ಮೀಟರ್, ಅಂದರೆ ಸುಮಾರು 34 ಅಡಿ. ನೀರಿನ ಕಂಬ ಅಷ್ಟೆತ್ತರಕ್ಕೆ ಬಂದಾಗ ಅದರ ಭಾರ ಮತ್ತು ಗಾಳಿಯ ಒತ್ತಡ ಸಮವಾಗುತ್ತವೆ. ಆ ಮೇಲೆ ಪಂಪು ಏನು ಮಾಡಿದರೂ ಕಂಬ ಏರುವುದಿಲ್ಲ.

ಈ ಮಿತಿ ಮೊದಲು ಗೊತ್ತಾದದ್ದು ಪಂಪು ಮಾಡುವವರಿಗೆ. 1638ರಲ್ಲಿ ಪ್ರಕಟವಾದ ತನ್ನ ಕೊನೆಯ ದೊಡ್ಡ ಕೃತಿಯಲ್ಲಿ ಗೆಲಿಲಿಯೋ ಇಂಥದೊಂದು ಸಂಗತಿ ಹೇಳುತ್ತಾನೆ. ನೀರು ಇಳಿದ ಮೇಲೆ ಕೆಲಸ ನಿಲ್ಲಿಸಿದ ಪಂಪನ್ನು ಕಂಡು ಅದು ಕೆಟ್ಟಿದೆ ಎಂದುಕೊಂಡು ಕುಶಲಕರ್ಮಿಯನ್ನು ಕರೆಸಿದರೆ, ಆತ ಪಂಪಿನಲ್ಲಿ ತಪ್ಪಿಲ್ಲ, ನೀರು ಹದಿನೆಂಟು ಮೊಳಕ್ಕಿಂತ ಕೆಳಗೆ ಹೋಗಿದೆ, ಅದಕ್ಕಿಂತ ಹೆಚ್ಚು ಯಾವ ಪಂಪೂ ಎತ್ತದು ಎಂದನಂತೆ. ಗೆಲಿಲಿಯೋ ಕಾರಣವನ್ನು ನೀರಿನಲ್ಲೇ ಹುಡುಕಿದ. ತೂಗುಬಿಟ್ಟ ಹಗ್ಗ ತನ್ನ ಭಾರಕ್ಕೆ ತಾನೇ ಹರಿಯುವಂತೆ ನೀರಿನ ಕಂಬವೂ ಹರಿಯುತ್ತದೆ ಎಂಬುದು ಅವನ ಊಹೆ. ಕಾರಣ ಹೊರಗಿನ ಗಾಳಿಯಲ್ಲಿದೆ ಎಂಬುದನ್ನು ಸ್ಪಷ್ಟವಾಗಿ ಹೇಳಿದವನು ಅವನ ಶಿಷ್ಯ ಟೊರಿಚೆಲ್ಲಿ, 1644ರಲ್ಲಿ. ನೀರಿನ ಬದಲು ಪಾದರಸ ಬಳಸಿದ್ದರಿಂದ ಹತ್ತು ಮೀಟರಿನ ಕಂಬ ಮುಕ್ಕಾಲು ಮೀಟರಿಗೆ ಇಳಿಯಿತು, ಪ್ರಯೋಗ ಮೇಜಿನ ಮೇಲೆ ಬಂತು. 1648ರ ಸೆಪ್ಟೆಂಬರಿನಲ್ಲಿ ಪ್ಯಾಸ್ಕಲನ ಭಾವ ಪೆರಿಯೆ ಫ್ರಾನ್ಸಿನ ಪುಯಿ ದ ಡೋಮ್ ಬೆಟ್ಟಕ್ಕೆ ಇದೇ ಕೊಳವೆ ಹೊತ್ತುಕೊಂಡು ಹೋದ. ಸುಮಾರು ಸಾವಿರ ಮೀಟರ್ ಮೇಲೇರುವಷ್ಟರಲ್ಲಿ ಪಾದರಸ ಮೂರು ಅಂಗುಲಕ್ಕೂ ತುಸು ಹೆಚ್ಚು ಇಳಿದಿತ್ತು.

ಈ ಕೊನೆಯ ಸಂಗತಿ ನಮಗೆ ನೇರವಾಗಿ ಬೇಕಾದದ್ದು, ಏಕೆಂದರೆ ಮಂಗಳೂರಿನಿಂದ ಬೆಂಗಳೂರಿಗೆ ಹೋದರೆ ನಾವೂ ಹೆಚ್ಚುಕಡಿಮೆ ಅಷ್ಟೇ ಬೆಟ್ಟ ಹತ್ತುತ್ತೇವೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಗಾಳಿ ನೀರನ್ನು ಸುಮಾರು 9.2 ಮೀಟರ್ ಮಾತ್ರ ತಳ್ಳಬಲ್ಲದು. ಮಡಿಕೇರಿಯಲ್ಲಿ ಅದು 9 ಮೀಟರ್. ಅದೇ ಪಂಪು, ಅದೇ ಪೈಪು, ಅದೇ ಕೆಲಸಗಾರ ಇದ್ದರೂ ಘಟ್ಟದ ಮೇಲೆ ಹೋದ ಕೂಡಲೇ ಮೂರೂವರೆ, ನಾಲ್ಕು ಅಡಿ ಕಳೆದುಹೋಗುತ್ತದೆ. ಡಬ್ಬದ ಮೇಲೆ ಅಚ್ಚಾದ ಸಕ್ಷನ್ ಆಳ ಸಾಮಾನ್ಯವಾಗಿ ಸಮುದ್ರಮಟ್ಟದ ಲೆಕ್ಕದ್ದು. ಕೊಡಗಿನಲ್ಲಿ ಪಂಪು ಕೊಳ್ಳುವವರು ಇದನ್ನು ತಾವೇ ಕಳೆದುಕೊಳ್ಳಬೇಕು.

ಹಾಗಾದರೆ ಕರಾವಳಿಯಲ್ಲಿ 34 ಅಡಿ ಸಿಗಬೇಕಲ್ಲ, ಎಲ್ಲರೂ 25 ಅಡಿಯನ್ನೇ ಗೆರೆ ಅನ್ನುವುದೇಕೆ? ನಡುವಿನ ಒಂಬತ್ತು ಅಡಿ ದಾರಿಯಲ್ಲಿ ಖರ್ಚಾಗುತ್ತದೆ. ಮೊದಲ ಖರ್ಚು ನೀರಿನ ಆವಿಯದು. ಒತ್ತಡ ತೀರಾ ತಗ್ಗಿದರೆ ನೀರು ತಣ್ಣಗಿದ್ದಾಗಲೇ ಕುದಿಯತೊಡಗುತ್ತದೆ. 30 ಡಿಗ್ರಿಯ ನೀರಿಗೆ ಆ ಮಟ್ಟ 0.4 ಮೀಟರಿನಷ್ಟು, ಅಷ್ಟನ್ನು ಮುಟ್ಟುವಂತಿಲ್ಲ. ಎರಡನೆಯದು ಪೈಪಿನ ಘರ್ಷಣೆ. ಇದು ನೀರು ಹರಿಯುವಾಗ ಮಾತ್ರ ಬರುವ ಖರ್ಚು, ಹರಿವು ಇಮ್ಮಡಿಯಾದರೆ ಖರ್ಚು ಮೂರೂವರೆ ಪಟ್ಟಿಗೂ ಮೀರುತ್ತದೆ. ಮೂರನೆಯದು ಪಂಪಿಗೇ ಬೇಕಾದ ಪಾಲು. ಇಂಪೆಲ್ಲರಿನ ಬಾಯಿಗೆ ನೀರು ಬಂದು ಮುಟ್ಟಿದರಷ್ಟೇ ಸಾಲದು, ಒಳಗೆ ವೇಗ ಪಡೆಯುವಾಗ ಒತ್ತಡ ಇನ್ನಷ್ಟು ಕುಸಿಯುತ್ತದೆ. ಆ ಕುಸಿತದಲ್ಲೂ ನೀರು ಕುದಿಯದಂತೆ ಸ್ವಲ್ಪ ಒತ್ತಡ ಕೈಯಲ್ಲಿ ಉಳಿದಿರಬೇಕು. ಮನೆಬಳಕೆಯ ಸಣ್ಣ ಸೆಂಟ್ರಿಫ್ಯೂಗಲ್ ಪಂಪಿಗೆ ಇದು ಎರಡು ಮೀಟರ್ ಆಸುಪಾಸು ಎಂದು ಹಿಡಿಯಬಹುದು.

ಇಲ್ಲಿ ಜೆಟ್ ಬರುತ್ತದೆ. ಈ ಉಪಾಯ ಹಳೆಯದು. ಲಾರ್ಡ್ ಕೆಲ್ವಿನ್‌ನ ಅಣ್ಣ ಜೇಮ್ಸ್ ಥಾಮ್ಸನ್ 1852ರ ಹೊತ್ತಿಗೆ ನೀರಿನ ಧಾರೆಯಿಂದಲೇ ನೀರೆತ್ತುವ ಜೆಟ್ ಪಂಪನ್ನು ವಿವರಿಸಿದ್ದ. ಇಂದಿನ ಪಂಪಿನಲ್ಲೂ ಅಂಗಗಳು ಅವೇ. ಇಂಪೆಲ್ಲರು ಹೊರಹಾಕುವ ನೀರಿನಲ್ಲಿ ಒಂದು ಪಾಲನ್ನು ಹಿಂದಕ್ಕೆ ತಿರುಗಿಸಿ, ಕೆಲವೇ ಮಿಲಿಮೀಟರ್ ತೂತಿನ ನಾಝಲ್ ಮೂಲಕ ರಭಸವಾಗಿ ಬಿಡುತ್ತಾರೆ. ಧಾರೆಯ ವೇಗ ಹೆಚ್ಚಿದಂತೆ ಅದರ ಸುತ್ತ ಒತ್ತಡ ತಗ್ಗುತ್ತದೆ. ಬಾವಿಯಿಂದ ಬರುವ ಪೈಪು ಅದೇ ಕೋಣೆಗೆ ತೆರೆದುಕೊಂಡಿರುವುದರಿಂದ ಗಾಳಿ ತಳ್ಳಿದ ನೀರು ಅಲ್ಲಿಗೆ ನುಗ್ಗುತ್ತದೆ. ಎರಡೂ ನೀರು ಇಕ್ಕಟ್ಟಾದ ಗಂಟಲಿನಲ್ಲಿ ಬೆರೆಯುತ್ತವೆ, ಮುಂದೆ ನಿಧಾನವಾಗಿ ಅಗಲವಾಗುವ ಡಿಫ್ಯೂಸರಿನಲ್ಲಿ ವೇಗ ಇಳಿದು ಒತ್ತಡ ಏರುತ್ತದೆ. ಹೀಗೆ ಇಂಪೆಲ್ಲರಿಗೆ ಸಿಗುವುದು ತುಸು ಒತ್ತಡ ತುಂಬಿಕೊಂಡ ನೀರು. ನಾಝಲ್, ಗಂಟಲು, ಡಿಫ್ಯೂಸರು ಸೇರಿದ ಈ ತುಂಡಿಗೆ ಎಜೆಕ್ಟರ್ ಎನ್ನುತ್ತಾರೆ. ನಮ್ಮ ಪ್ಲಂಬರುಗಳ ಬಾಯಲ್ಲಿ ಇದು ಜೆಟ್, ಕೆಲವರಿಗೆ ವೆಂಚುರಿ.

ಆಳವಿಲ್ಲದ ಬಾವಿಯ ಪಂಪಿನಲ್ಲಿ ಎಜೆಕ್ಟರು ಪಂಪಿನ ಹೊಟ್ಟೆಯೊಳಗೇ ಇರುತ್ತದೆ, ಬಾವಿಗೆ ಒಂದೇ ಪೈಪು ಇಳಿಯುತ್ತದೆ. ಇದರಿಂದ ಎರಡು ಲಾಭ. ಸೆಂಟ್ರಿಫ್ಯೂಗಲ್ ಪಂಪಿಗೆ ಗಾಳಿ ಸಿಕ್ಕಿದರೆ ಅದು ಸೋತುಬಿಡುತ್ತದೆ. ಜೆಟ್ ಇದ್ದರೆ ಹೊಟ್ಟೆಯಲ್ಲಿ ಉಳಿದ ನೀರನ್ನೇ ಸುತ್ತಿಸಿ, ಗಾಳಿಯನ್ನು ಸ್ವಲ್ಪಸ್ವಲ್ಪವಾಗಿ ಹೊರಹಾಕಿ ಚೇತರಿಸಿಕೊಳ್ಳಬಲ್ಲದು. ಎರಡನೆಯದು, ಇಂಪೆಲ್ಲರಿಗೆ ಬೇಕಿದ್ದ ಎರಡು ಮೀಟರಿನ ಪಾಲನ್ನು ಬಹುಮಟ್ಟಿಗೆ ಎಜೆಕ್ಟರೇ ಒದಗಿಸುತ್ತದೆ. ಬರಿಯ ಸೆಂಟ್ರಿಫ್ಯೂಗಲ್ ಪಂಪು ಇಪ್ಪತ್ತು ಅಡಿಯಲ್ಲೇ ಒದ್ದಾಡುವಾಗ ಜೆಟ್ ಪಂಪು ಇಪ್ಪತ್ತೈದರವರೆಗೆ ಹೇಗೋ ನೀರು ತರುವುದು ಇದರಿಂದ. ಲಾಭ ನಿಜ, ಆದರೆ ಅಷ್ಟೇ.

ಹೇಗೋ ಎಂದದ್ದಕ್ಕೆ ಕಾರಣವಿದೆ. ಎಜೆಕ್ಟರು ನೆಲದ ಮೇಲೇ ಇರುವುದರಿಂದ ಬಾವಿಯಿಂದ ಅಲ್ಲಿಯವರೆಗೆ ನೀರನ್ನು ತರುವ ಕೆಲಸ ಇನ್ನೂ ಗಾಳಿಯದೇ. ಎಜೆಕ್ಟರು ಅತಿ ಒಳ್ಳೆಯದಿದ್ದರೆ ಗಂಟಲಿನಲ್ಲಿ ಒತ್ತಡವನ್ನು ನಿರ್ವಾತದ ಸಮೀಪಕ್ಕೆ ಇಳಿಸಬಹುದು. ಅಲ್ಲಿಂದ ಕೆಳಗೆ ಇಳಿಸಲು ಜಾಗವೇ ಇಲ್ಲ. ಒತ್ತಡ ಆವಿಯ ಮಟ್ಟ ಮುಟ್ಟಿದೊಡನೆ ಗಂಟಲಿನಲ್ಲಿ ನೀರು ಗುಳ್ಳೆಗುಳ್ಳೆಯಾಗುತ್ತದೆ. ಗುಳ್ಳೆ ನೀರಿಗಿಂತ ಸಾವಿರಾರು ಪಟ್ಟು ಜಾಗ ತಿನ್ನುವುದರಿಂದ ಆ ಇಕ್ಕಟ್ಟಿನ ದಾರಿ ಕಟ್ಟಿಕೊಳ್ಳುತ್ತದೆ. ಮುಂದೆ ಒತ್ತಡ ಏರಿದಾಗ ಅದೇ ಗುಳ್ಳೆಗಳು ಒಡೆದು ಕುಸಿಯುತ್ತವೆ. ಕಲ್ಲುಪುಡಿ ಅರೆದಂಥ ಆ ಸದ್ದು ಅದರದೇ, ಇದನ್ನೇ ಕ್ಯಾವಿಟೇಶನ್ ಎನ್ನುವುದು. ಈ ಸ್ಥಿತಿಯಲ್ಲಿ ನಾಝಲ್‌ಗೆ ಇನ್ನಷ್ಟು ಒತ್ತಡ ಕೊಟ್ಟರೆ ಧಾರೆ ಬಲವಾಗುತ್ತದೆ, ಗುಳ್ಳೆ ಹೆಚ್ಚುತ್ತದೆ, ಬಾವಿಯಿಂದ ಬರುವ ನೀರು ಮಾತ್ರ ಒಂದು ಲೋಟವೂ ಹೆಚ್ಚುವುದಿಲ್ಲ. ದೊಡ್ಡ ಮೋಟಾರು ಸೋಲುವುದು ಇಲ್ಲಿ.

ಒಂದು ಬಾವಿಯ ಲೆಕ್ಕ ಹಿಡಿದು ವರ್ಷವಿಡೀ ನಡೆದು ನೋಡೋಣ. ಕರಾವಳಿಯ ಬಾವಿ, ಆಳ 12 ಮೀಟರ್. ಕಟ್ಟೆಯ ಮೇಲೆ ಒಂದು ಎಚ್‌ಪಿಯ ಜೆಟ್ ಪಂಪು, ಬಾವಿಗೆ ಒಂದು ಇಂಚಿನ ಹಳೆಯ ಜಿಐ ಪೈಪು, ತುದಿಯಲ್ಲಿ ಫುಟ್‌ವಾಲ್ವ್. ಪೈಪಿನ ಉದ್ದ 12 ಮೀಟರ್, ಬೆಂಡು ಮತ್ತು ಫುಟ್‌ವಾಲ್ವಿನ ತಡೆಯನ್ನೂ ಪೈಪಿನ ಲೆಕ್ಕಕ್ಕೆ ತಂದರೆ 15 ಮೀಟರ್ ಎನ್ನೋಣ. ಗಾಳಿಯ 10.3ರಲ್ಲಿ ಆವಿಯ ಪಾಲು ಕಳೆದರೆ ಕೈಗೆ ಬರುವುದು 9.9 ಮೀಟರ್. ನಿಮಿಷಕ್ಕೆ 40 ಲೀಟರ್ ಹರಿಸಬೇಕಾದರೆ ಈ ಪೈಪಿನ ಘರ್ಷಣೆಗೆ ಸುಮಾರು 1.8 ಮೀಟರ್ ಹೋಗುತ್ತದೆ.

ಆಗಸ್ಟಿನಲ್ಲಿ ನೀರು 3 ಮೀಟರ್ ಕೆಳಗಿದೆ. 9.9ರಲ್ಲಿ ಮೂರು ಹೋಯಿತು, ಘರ್ಷಣೆಗೆ 1.8 ಹೋಯಿತು, ಇನ್ನೂ ಐದು ಮೀಟರ್ ಮಿಕ್ಕಿದೆ. ಪಂಪಿಗೆ ಹಬ್ಬ. ಜನವರಿಯಲ್ಲಿ ನೀರು 6 ಮೀಟರಿಗೆ ಇಳಿಯಿತು. ಎತ್ತರ ಮತ್ತು ಘರ್ಷಣೆ ಕಳೆದು ಉಳಿಯುವುದು ಎರಡು ಮೀಟರ್ ಚಿಲ್ಲರೆ. ಪಂಪು ತನ್ನ 40 ಲೀಟರನ್ನು ಕೊಡುತ್ತದೆ, ಆದರೆ ಅಂಚಿನಲ್ಲಿ ನಿಂತು. ಮನೆಯವರಿಗೆ ಇದು ಗೊತ್ತಾಗುವುದಿಲ್ಲ. ಮಾರ್ಚಿನಲ್ಲಿ ನೀರು 7 ಮೀಟರಿಗೆ ಹೋದಾಗ ಖರ್ಚು ಸರಿದೂಗುವುದಿಲ್ಲ. ಆಗ ಹರಿವೇ ತಾನಾಗಿ ತಗ್ಗುತ್ತದೆ. 30 ಲೀಟರಿಗೆ ಇಳಿದರೆ ಘರ್ಷಣೆ ಒಂದು ಮೀಟರಿನಷ್ಟಾಗುತ್ತದೆ, ಲೆಕ್ಕ ಮತ್ತೆ ಕೂಡುತ್ತದೆ. ಏಪ್ರಿಲ್ ಕೊನೆಗೆ ನೀರು 8.2 ಮೀಟರಿನಲ್ಲಿದೆ. ಎಲ್ಲ ಖರ್ಚಿಗೂ ಉಳಿದದ್ದು 1.7 ಮೀಟರ್. ಬರಿಯ ಸೆಂಟ್ರಿಫ್ಯೂಗಲ್ ಪಂಪು ಇದಕ್ಕೆ ಮೊದಲೇ ನಿಂತಿರುತ್ತಿತ್ತು. ಜೆಟ್ ಪಂಪು ಸಣ್ಣ ಧಾರೆ ಕೊಡುತ್ತಾ ಗರಗರ ಅನ್ನುತ್ತದೆ. 9 ಮೀಟರ್ ದಾಟಿದ ಮೇಲೆ ಅದೂ ಇಲ್ಲ. ಅಂದರೆ 25 ಅಡಿ ಎಂಬುದು ಕಲ್ಲಿನಲ್ಲಿ ಕೊರೆದ ಗೆರೆಯೇನಲ್ಲ, ಉಪಯೋಗಕ್ಕೆ ಬರುವಷ್ಟು ನೀರು ಸಿಗುವುದು ಅಲ್ಲಿಗೆ ಮುಗಿಯುತ್ತದೆ ಎಂಬ ಅನುಭವದ ಮಾತು. ಪಂಪಿನ ಕಂಪನಿಗಳ ಪಟ್ಟಿ ನೋಡಿದರೂ ಅಷ್ಟೇ, ಐದಡಿಯಲ್ಲಿ ಕೊಡುವ ನೀರಿನ ಅರ್ಧವೂ ಇಪ್ಪತ್ತೈದು ಅಡಿಯಲ್ಲಿ ಸಿಗುವುದಿಲ್ಲ.

ಈಗ ಇದೇ ಬಾವಿಗೆ ಒಂದೂವರೆ ಎಚ್‌ಪಿ ಹಾಕಿ ನೋಡಿ. ಅದು ನಿಮಿಷಕ್ಕೆ 55 ಲೀಟರ್ ಎತ್ತಲು ಹೊರಟರೆ ಅದೇ ಒಂದು ಇಂಚಿನ ಪೈಪಿನಲ್ಲಿ ಘರ್ಷಣೆ 3.2 ಮೀಟರಿಗೆ ಏರುತ್ತದೆ. ಜನವರಿಯ 6 ಮೀಟರಿನಲ್ಲೇ ಉಳಿಯುವುದು ಮುಕ್ಕಾಲು ಮೀಟರಿಗಿಂತ ಕಡಿಮೆ. ಹಳೆಯ ಪಂಪು ಏಪ್ರಿಲ್‌ನಲ್ಲಿ ಮಾಡಿದ ಸದ್ದನ್ನು ಹೊಸದು ಜನವರಿಯಲ್ಲೇ ಮಾಡುತ್ತದೆ. ಅದರ ಬದಲು ಮೋಟಾರನ್ನು ಹಾಗೇ ಬಿಟ್ಟು ಪೈಪನ್ನು ಒಂದೂಕಾಲು ಇಂಚಿಗೆ ಬದಲಿಸಿದರೆ 40 ಲೀಟರಿನ ಘರ್ಷಣೆ 1.8ರಿಂದ ಅರ್ಧ ಮೀಟರಿನ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ನಾಲ್ಕಡಿಗೂ ಹೆಚ್ಚು ಆಳ ಬರೀ ಪೈಪಿನಿಂದ ಸಿಕ್ಕಿತು. ನೀರು ದಿನಕ್ಕಿಷ್ಟು ಎಂದು ಇಳಿಯುವ ಮಾರ್ಚಿನಲ್ಲಿ ಅದರ ಅರ್ಥ ಇನ್ನೊಂದಿಷ್ಟು ವಾರ ನೆಮ್ಮದಿ. ಸಕ್ಷನ್ ಪೈಪಿನಲ್ಲಿ ಜಿಪುಣತನ ಮಾಡಿ ಮೋಟಾರಿನಲ್ಲಿ ಧಾರಾಳಿಯಾಗುವುದು ನಮ್ಮಲ್ಲಿ ಏಕೆ ಇಷ್ಟು ರೂಢಿಯೋ, ನನಗೆ ಅರ್ಥವಾಗಿಲ್ಲ.

ನೀರಿನ ಮಟ್ಟ ಎಂದಾಗ ಬೆಳಗ್ಗೆ ಇಣುಕಿ ಕಂಡ ಮಟ್ಟವನ್ನು ಹಿಡಿಯಬಾರದು. ಬೇಸಿಗೆಯಲ್ಲಿ ಒರತೆ ಬಡವಾಗಿರುತ್ತದೆ. ಅರ್ಧ ಗಂಟೆ ಪಂಪು ಓಡಿದಾಗ ನೀರು ಎಷ್ಟು ಇಳಿಯುತ್ತದೋ ಅದು ಲೆಕ್ಕದ ಮಟ್ಟ. ಬೆಳಗ್ಗೆ ಹತ್ತು ನಿಮಿಷ ನೀರು ಕೊಟ್ಟು ನಿಂತು, ಸಂಜೆ ಮತ್ತೆ ಹತ್ತು ನಿಮಿಷ ಕೊಡುವ ಪಂಪಿನ ಗುಟ್ಟು ಹೆಚ್ಚಾಗಿ ಇದೇ ಆಗಿರುತ್ತದೆ.

ನೀರು ಬರಲಿಲ್ಲ ಎಂದ ಮಾತ್ರಕ್ಕೆ ಆಳವೇ ಕಾರಣ ಎನ್ನಲೂ ಬಾರದು. ಪ್ಲಂಬರನ್ನು ಕರೆದರೆ ಬಹುತೇಕ ಕೇಳಿಬರುವ ಮಾತು ‘ಏರ್ ಹಿಡಿದಿದೆ’. ಅದು ನಿಜವೂ ಇರಬಹುದು. ಸಕ್ಷನ್ ಪೈಪಿನೊಳಗೆ ಒತ್ತಡ ಹೊರಗಿಗಿಂತ ಕಡಿಮೆ ಇರುವುದರಿಂದ ಜೋಡಣೆಯಲ್ಲಿ ಸೂಜಿಯಷ್ಟು ಸಂದಿಯಿದ್ದರೆ ನೀರು ಹೊರಗೆ ಜಿನುಗುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೀಗಾಗಿ ಪೈಪು ಒಣಗಿದ್ದರೆ ಲೀಕ್ ಇಲ್ಲ ಎನ್ನುವಂತಿಲ್ಲ. ಪೈಪು ಬಾವಿಯಿಂದ ಪಂಪಿನವರೆಗೆ ಸತತವಾಗಿ ಏರುತ್ತಾ ಬರಬೇಕು. ನಡುವೆ ಒಂದು ಕಡೆ ಉಬ್ಬಿ ಮತ್ತೆ ತಗ್ಗಿದರೆ, ನೀರಿನಲ್ಲಿ ಕರಗಿದ್ದು ಒತ್ತಡ ತಗ್ಗಿದಾಗ ಬಿಟ್ಟುಬರುವ ಗಾಳಿ ಆ ಉಬ್ಬಿನಲ್ಲಿ ಕೂತುಬಿಡುತ್ತದೆ.

ಆಳದ ಸೋಲನ್ನೂ ಗಾಳಿಯ ಸೋಲನ್ನೂ ಬೇರ್ಪಡಿಸಲು ಒಂದು ವ್ಯಾಕ್ಯೂಮ್ ಗೇಜು ಸಾಕು. ಪಂಪಿಗೆ ಸೇರುವ ಮುಂಚೆ ಸಕ್ಷನ್ ಪೈಪಿಗೆ ಒಂದು ಟೀ ಹಾಕಿ ಅದನ್ನು ಕೂರಿಸಬಹುದು. ಪಾದರಸದ ಒಂದು ಮಿಲಿಮೀಟರ್ ನೀರಿನ 13.6 ಮಿಲಿಮೀಟರಿಗೆ ಸಮ. ನಮ್ಮ ಬಾವಿಯಲ್ಲಿ ಜನವರಿಯಲ್ಲಿ ಪಂಪು ನಿಂತಾಗ, ಪೈಪು ತುಂಬಿದ್ದು ಫುಟ್‌ವಾಲ್ವ್ ಸರಿಯಿದ್ದರೆ, ಗೇಜು 440ರ ಹತ್ತಿರ ತೋರಿಸುತ್ತದೆ. ಅದು 6 ಮೀಟರಿನ ಎತ್ತರ. ಪಂಪು ಓಡುವಾಗ 570ರ ಸುಮಾರಿಗೆ ಏರುತ್ತದೆ. ಎರಡರ ನಡುವಿನ ಅಂತರ ಪೈಪು ತಿನ್ನುತ್ತಿರುವ ಪಾಲು. ಮುಳ್ಳು 600, 650ರಲ್ಲಿ ನಿಂತು ನೀರು ಬರದಿದ್ದರೆ ನೀರು ಆಳಕ್ಕೆ ಹೋಗಿದೆ, ಇಲ್ಲವೇ ಫುಟ್‌ವಾಲ್ವಿನ ಜಾಲರಿ ಕಟ್ಟಿದೆ. ಪಂಪು ತನ್ನ ಕೆಲಸ ಮಾಡುತ್ತಿದೆ, ಅದನ್ನು ಬೈದು ಫಲವಿಲ್ಲ. ಮುಳ್ಳು 200, 300ರಲ್ಲೇ ಅಲ್ಲಾಡುತ್ತಿದ್ದರೆ ಗಾಳಿ ಸೇರುತ್ತಿದೆ, ಅಥವಾ ನಾಝಲ್‌ನಲ್ಲಿ ಕಸ ಸಿಕ್ಕಿ ಜೆಟ್ ಸತ್ತಿದೆ. ಮುರಕಲ್ಲಿನ ಬಾವಿಯಲ್ಲಿ ಬೇಸಿಗೆಯ ಕೊನೆಗೆ ಕೆಂಪು ಹರಳು ಮೇಲೆ ಬರುವುದರಿಂದ ಈ ಎರಡನೆಯದೂ ಸಾಮಾನ್ಯ. ರಾತ್ರಿ ತುಂಬಿಸಿದ ಪೈಪು ಬೆಳಗಾಗುವಾಗ ಖಾಲಿಯಾಗುತ್ತಿದ್ದರೆ ಪ್ರೈಮಿಂಗ್ ಬಾಯಿ ತೆರೆದು ನೀರನ್ನು ಅಂಚಿನವರೆಗೆ ತುಂಬಿ ನೋಡುವುದು. ಮಟ್ಟ ಕಣ್ಣೆದುರೇ ಇಳಿದರೆ ಫುಟ್‌ವಾಲ್ವ್ ಸೋರುತ್ತಿದೆ. ಬೆಂಗಳೂರಿನಲ್ಲಿ ಈ ಗೇಜಿನ ಲೆಕ್ಕ ಬೇರೆ, ಅಲ್ಲಿ ಪೂರ್ತಿ ನಿರ್ವಾತವೇ 680ರ ಆಸುಪಾಸಿನಲ್ಲಿ ಮುಗಿಯುತ್ತದೆ.

ಗೆರೆ ದಾಟಬೇಕಾದರೆ ಎಜೆಕ್ಟರನ್ನು ಪಂಪಿನ ಹೊಟ್ಟೆಯಿಂದ ತೆಗೆದು ಬಾವಿಯೊಳಗೆ ಇಳಿಸಬೇಕು. ಎರಡು ಪೈಪಿನ ಜೆಟ್ ಪಂಪು ಇದೇ. ಒಂದು ಪೈಪಿನಲ್ಲಿ ಒತ್ತಡದ ನೀರು ಕೆಳಗೆ ಹೋಗಿ ನಾಝಲ್‌ನಿಂದ ಚಿಮ್ಮುತ್ತದೆ, ಬಾವಿಯ ನೀರನ್ನು ಸೇರಿಸಿಕೊಂಡು ಇನ್ನೊಂದು ಪೈಪಿನಲ್ಲಿ ಮೇಲೆ ಬರುತ್ತದೆ. ಅಂಗಗಳು ಅವೇ ಇದ್ದರೂ ಕೆಲಸ ಪೂರ್ತಿ ಬದಲಾಯಿತು. ಈಗ ನೀರನ್ನು ಕೆಳಗಿನಿಂದ ಒತ್ತಡ ಕೊಟ್ಟು ತಳ್ಳಲಾಗುತ್ತಿದೆ. ತಳ್ಳುವುದಕ್ಕೆ 34 ಅಡಿಯ ಮಿತಿಯಿಲ್ಲ. ಆ ಮಿತಿ ಈಗ ಅನ್ವಯಿಸುವುದು ನೀರಿನ ಮಟ್ಟದಿಂದ ಎಜೆಕ್ಟರಿನವರೆಗೆ ಮಾತ್ರ.

ಇದರಿಂದ ಒಂದು ಜಾಣ ಉಪಾಯ ಹುಟ್ಟಿದೆ. ಎಜೆಕ್ಟರಿನ ಕೆಳಗೆ ಉದ್ದನೆಯ ಬಾಲದ ಪೈಪು ಬಿಟ್ಟು ಅದರ ತುದಿಗೆ ಫುಟ್‌ವಾಲ್ವ್ ಹಾಕುತ್ತಾರೆ. ನೀರು ಎಜೆಕ್ಟರಿಗಿಂತ ಕೆಳಗಿಳಿದಂತೆ ಗಾಳಿಯ ಲೆಕ್ಕ ಮತ್ತೆ ಶುರುವಾಗಿ ಹರಿವು ತಗ್ಗುತ್ತದೆ. ಪಂಪಿನ ಕೈಪಿಡಿಗಳು ಕೊಡುವ ಅಂದಾಜಿನಂತೆ ನೀರು ಎಜೆಕ್ಟರಿಗಿಂತ 3 ಮೀಟರ್ ಕೆಳಗಿದ್ದರೆ ಶೇಕಡಾ 80, 6 ಮೀಟರಿಗೆ 57, ಏಳೂವರೆ ಮೀಟರಿಗೆ 40, ಎಂಟೂವರೆಗೆ 25, ಹತ್ತಕ್ಕೆ ಬಂದಾಗ ಸೊನ್ನೆ. ಬಾಲ 34 ಅಡಿ ಉದ್ದವಿದ್ದರೆ ಪಂಪು ಬಾವಿಯನ್ನು ಬರಿದು ಮಾಡಿ ಗಾಳಿ ಎಳೆಯುವ ಸಂದರ್ಭವೇ ಬರುವುದಿಲ್ಲ. ಒರತೆ ಕೊಡುವಷ್ಟೇ ನೀರನ್ನು ತೆಗೆದುಕೊಂಡು ಅದು ಓಡುತ್ತಿರುತ್ತದೆ. ಮೇಲಿನ ಪಂಪನ್ನು ಸೋಲಿಸಿದ ಮಿತಿಯೇ ಇಲ್ಲಿ ಕಾವಲುಗಾರನಾಗಿದೆ. ಸಣ್ಣ ಒರತೆಯ ಬೋರಿಗೆ ಇದು ಬಹಳ ಚೆನ್ನ. ತೆರೆದ ಬಾವಿಗೆ ಅಷ್ಟುದ್ದದ ಬಾಲ ಇಳಿಸಲು ಆಳವೇ ಸಾಲದು. ನಮ್ಮ 12 ಮೀಟರಿನ ಬಾವಿಗೆ ಎಜೆಕ್ಟರನ್ನು 8 ಮೀಟರಿನಲ್ಲಿಟ್ಟು ಮೂರು ಮೀಟರ್ ಬಾಲ ಬಿಟ್ಟರೆ ಮೇ ತಿಂಗಳು ಕಳೆಯುತ್ತದೆ.

ಆದರೆ ಇದಕ್ಕೆ ತೆರಬೇಕಾದ ಬೆಲೆ ಕರೆಂಟು. ನೀರಿಗೆ ನೀರನ್ನು ಗುದ್ದಿಸಿ ಬೆರೆಸುವಾಗ ಶಕ್ತಿಯ ದೊಡ್ಡ ಪಾಲು ಸುಳಿಯಲ್ಲೇ ಕರಗುತ್ತದೆ. ಎಜೆಕ್ಟರು ಅತಿ ಚೆನ್ನಾಗಿದ್ದರೂ ಕೊಟ್ಟದ್ದರ ಮೂರನೆಯ ಒಂದು ಪಾಲನ್ನು ಹಿಂದಿರುಗಿಸಿದರೆ ದೊಡ್ಡದು. ಅದರ ಮೇಲೆ ಸೆಂಟ್ರಿಫ್ಯೂಗಲ್ ಪಂಪಿನ, ಮೋಟಾರಿನ ನಷ್ಟ ಬೇರೆ. ಆಳ ಹೆಚ್ಚಿದಂತೆ ಮೇಲೆ ಬಂದ ನೀರಿನಲ್ಲಿ ಹೆಚ್ಚು ಹೆಚ್ಚು ಪಾಲನ್ನು ಮತ್ತೆ ಕೆಳಗೆ ಕಳಿಸಬೇಕಾಗುತ್ತದೆ, ಟ್ಯಾಂಕಿಗೆ ಸಿಗುವುದು ಕಡಿಮೆಯಾಗುತ್ತಾ ಹೋಗುತ್ತದೆ. 1.1 ಕಿಲೋವ್ಯಾಟ್ ತಿನ್ನುವ ಪಂಪೊಂದು 30 ಮೀಟರಿನಿಂದ ನಿಮಿಷಕ್ಕೆ 15 ಲೀಟರ್ ಎತ್ತುತ್ತದೆ ಎಂದುಕೊಂಡರೆ ಸಾವಿರ ಲೀಟರಿನ ಟ್ಯಾಂಕು ತುಂಬಲು ಒಂದು ಗಂಟೆ ಏಳು ನಿಮಿಷ, ಸುಮಾರು 1.2 ಯೂನಿಟ್. ನೀರನ್ನು ಅಷ್ಟೆತ್ತರ ಎತ್ತಲು ನಿಜಕ್ಕೂ ಬೇಕಾದದ್ದು ಅದರ ಹದಿನೈದನೆಯ ಒಂದು ಪಾಲು. ಶೇಕಡಾ 35ರಷ್ಟು ದಕ್ಷತೆಯ ಸಬ್‌ಮರ್ಸಿಬಲ್ ಇದನ್ನೇ ಕಾಲು ಯೂನಿಟ್ಟಿನೊಳಗೆ ಮುಗಿಸುತ್ತದೆ.

ಎರಡು ಪೈಪಿನ ಪಂಪಿಗೆ ಇನ್ನೊಂದು ಸ್ವಭಾವವೂ ಇದೆ. ನಾಝಲ್‌ಗೆ ಒತ್ತಡದ ನೀರು ಸಿಗಬೇಕಾದರೆ ಡೆಲಿವರಿಯನ್ನು ಸ್ವಲ್ಪ ಹಿಡಿದಿರಬೇಕು. ಡೆಲಿವರಿ ವಾಲ್ವ್ ಪೂರ್ತಿ ತೆರೆದರೆ ಎಲ್ಲ ನೀರೂ ಟ್ಯಾಂಕಿನ ಕಡೆಗೆ ಓಡುತ್ತದೆ, ಕೆಳಗೆ ಜೆಟ್ ಬಡವಾಗುತ್ತದೆ, ಚೆನ್ನಾಗಿ ಬರುತ್ತಿದ್ದ ನೀರು ಒಂದೆರಡು ನಿಮಿಷದಲ್ಲಿ ನಿಂತುಹೋಗುತ್ತದೆ. ವಾಲ್ವನ್ನು ಅರ್ಧ ಮುಚ್ಚಿ ಶುರುಮಾಡಿ, ಒತ್ತಡ ಕಟ್ಟಿಕೊಂಡ ಮೇಲೆ ಮೆಲ್ಲನೆ ತೆರೆಯುತ್ತಾ ಹೋಗಿ ಎಲ್ಲಿ ಸದ್ದು ಬದಲಾಗುತ್ತದೋ ಅಲ್ಲಿಂದ ತುಸು ಹಿಂದಕ್ಕೆ ನಿಲ್ಲಿಸುವುದು ಬಲ್ಲವರ ಕ್ರಮ. ಇದನ್ನು ತಿಳಿಯದೆ ಹೊಸ ಪಂಪನ್ನು ಕೆಟ್ಟದೆಂದು ಹಿಂದಿರುಗಿಸಿದವರಿದ್ದಾರೆ.

ಪಂಪನ್ನೇ ಬಾವಿಯೊಳಗೆ ಇಳಿಸುವ ಹಳೆಯ ದಾರಿಯೂ ಇದೆ. ಗೋಡೆಗೆ ಗರ್ಡರು ಕೂರಿಸಿ ಮೂರು ಮೀಟರ್ ಕೆಳಗೆ ಅಟ್ಟ ಮಾಡಿದರೆ ಲೆಕ್ಕ ಮೂರು ಮೀಟರ್ ಹಗುರಾಗುತ್ತದೆ. ಭೌತಶಾಸ್ತ್ರದ ಮಟ್ಟಿಗೆ ಇದರಷ್ಟು ಸರಳ ಪರಿಹಾರ ಇನ್ನೊಂದಿಲ್ಲ. ಆದರೆ ಜೂನಿನಲ್ಲಿ ಒಂದೇ ರಾತ್ರಿಯ ಮಳೆಗೆ ನೀರು ಅಟ್ಟದವರೆಗೆ ಏರಿ ಮೋಟಾರು ಮುಳುಗುತ್ತದೆ, ಒದ್ದೆ ಗೋಡೆಯ ಪಕ್ಕ ಕರೆಂಟಿನ ತಂತಿ ಅಪಾಯದ ಮಾತು. ಡೀಸೆಲ್ ಅಥವಾ ಸೀಮೆಎಣ್ಣೆಯ ಎಂಜಿನನ್ನಂತೂ ಬಾವಿಯೊಳಗೆ ಓಡಿಸಲೇಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಇಳಿದವನು ಹತ್ತುವುದಿಲ್ಲ.

ಹಾಗಾದರೆ ಜೆಟ್ ಪಂಪಿಗೆ ಜಾಗವೇ ಇಲ್ಲವೇ? ಇದೆ. ನೀರು ವರ್ಷವಿಡೀ ಆರು ಮೀಟರಿನೊಳಗೇ ಇರುವ ಬಾವಿಗೆ ಹೊಟ್ಟೆಯಲ್ಲೇ ಎಜೆಕ್ಟರ್ ಇರುವ ಪಂಪು ಅಗ್ಗ, ಗಟ್ಟಿ, ರಿಪೇರಿಗೆ ಸುಲಭ. ಬಾವಿಯೊಳಗೆ ಕರೆಂಟೂ ಇಲ್ಲ, ತಿರುಗುವ ಅಂಗವೂ ಇಲ್ಲ. ಒರತೆ ಸಣ್ಣದಿರುವ, ಸಬ್‌ಮರ್ಸಿಬಲ್ ಇಳಿಸಿದರೆ ಒಣಗಿ ಸುಡುವ ಭಯವಿರುವ ಇಕ್ಕಟ್ಟಿನ ಬೋರಿಗೆ ಎರಡು ಪೈಪಿನ ಜೆಟ್ ಇಂದಿಗೂ ಒಪ್ಪುವ ಆಯ್ಕೆ, ಆಳ ಮೂವತ್ತು ಮೀಟರಿನೊಳಗಿದ್ದರೆ. ಕೋಲಾರದ ಕಡೆಯ ನೂರಾರು ಅಡಿಯ ಬೋರುಗಳ ಮಾತೇ ಬೇರೆ, ಅಲ್ಲಿ ಜೆಟ್ಟಿನ ಹೆಸರೆತ್ತುವಂತಿಲ್ಲ. ಬೇಸಿಗೆಯಲ್ಲಿ ಏಳು ಮೀಟರ್ ದಾಟಿ ಇಳಿಯುವ ತೆರೆದ ಬಾವಿಗೆ ಮಾತ್ರ ನನ್ನ ಮತ ಓಪನ್‌ವೆಲ್ ಸಬ್‌ಮರ್ಸಿಬಲ್‌ಗೆ. ಅದು ನೀರಿನೊಳಗೇ ಇದ್ದು ತಳ್ಳುವುದರಿಂದ ಸಕ್ಷನ್ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಯಾವುದನ್ನು ಕೊಳ್ಳುವ ಮುಂಚೆಯೂ ಏಪ್ರಿಲ್ ಕೊನೆಯಲ್ಲಿ ಅರ್ಧ ಗಂಟೆ ನೀರೆತ್ತಿ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಪಂಪು ಕೂರುವ ಮಟ್ಟದಿಂದ ನೀರಿನವರೆಗೆ ಎಷ್ಟು ಅಡಿ ಎಂದು ಅಳೆದು ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಎಚ್‌ಪಿ ಎಷ್ಟು ಎಂದು ಕೇಳುವ ಮೊದಲು ಆ ಅಳತೆಯನ್ನು ಹೇಳಿ, ಅಷ್ಟು ಸಕ್ಷನ್ ಆಳದಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಸಿಗುತ್ತದೆ ಎಂದು ಪಂಪಿನ ಪಟ್ಟಿ ತೆಗೆಸಿ ನೋಡಿ. ಪಟ್ಟಿಯಲ್ಲಿ ಆ ಆಳದ ಸಾಲೇ ಇಲ್ಲದಿದ್ದರೆ ಆ ಪಂಪು ನಿಮ್ಮ ಬಾವಿಗಲ್ಲ.